ತಲೆನೋವಿನ ಗುಳಿಗೆ ಇದೆ, ಮತ್ತೆ ಮನೋವೈದ್ಯರು ಯಾಕೆ?

ಸೇಡಂನಿಂದ ಪ್ರಶ್ನೆ: ನಮ್ಮ ಅಕ್ಕನಿಗೆ 36 ವರ್ಷ. ಮೈಗ್ರೇನ್ ಹಳೆಯದು. ಈಗ ವಾರದಲ್ಲಿ ನಾಲ್ಕು ದಿನ ತಲೆನೋವು, ನಿದ್ದೆ ಇಲ್ಲ, ಸುಮ್ನೆ ಅಳುತ್ತಾಳೆ. ಕಲಬುರಗಿಯ ಡಾಕ್ಟರು ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದರು. ಮನೋವೈದ್ಯರಿಗೂ ತೋರಿಸಿ ಅಂದರು. ಮೆಡಿಕಲ್‌ನವರು ನೋಡಿ, ಇದೇ ಡಿಪ್ರೆಶನ್ ಗುಳಿಗೆ ಅಂದರು. ಹಾಗಾದರೆ ಇನ್ನೊಬ್ಬರ ಹತ್ತಿರ ಯಾಕೆ ಹೋಗಬೇಕು?

ಬೀದರ್, ಬಟ್ಟೆ ಅಂಗಡಿ: ನಮ್ಮ ಮನೆಯವರಿಗೂ ಹೀಗೇ ಇತ್ತು. ಮನಸ್ಸು ಹಗುರ ಆದ ಮೇಲೆ ತಲೆ ತಾನೇ ಸರಿಹೋಯಿತು. ತಲೆನೋವಿನ ಔಷಧ ಬಿಟ್ಟುಬಿಡಿ, ಮನೋವೈದ್ಯರಿಗೆ ಮಾತ್ರ ತೋರಿಸಿ ಸಾಕು.

ಕಲಬುರಗಿ, ಮನೋವೈದ್ಯ ವಿಭಾಗದಲ್ಲಿ ನರ್ಸ್: ಅಣ್ಣಾ, ನಿಮ್ಮ ಮನೆಯವರಿಗೆ ಗುಣವಾದದ್ದು ಸಂತೋಷ. ಆದರೆ ಔಷಧ ಬಿಡಿ ಅಂತ ಹೇಳಬೇಡಿ. ಮೈಗ್ರೇನ್ ತನ್ನದೇ ಕಾಯಿಲೆ. ಮನಸ್ಸು ಸರಿಯಾದ ಮೇಲೂ ಎಷ್ಟೋ ಜನರಿಗೆ ಅದು ಉಳಿಯುತ್ತದೆ.

ಸೇಡಂನವರೇ, ಮೆಡಿಕಲ್‌ನವರು ಹೇಳಿದ್ದು ಸುಳ್ಳಲ್ಲ. ಅದು ಡಿಪ್ರೆಶನ್‌ಗೆಂದೇ ಬಂದ ಔಷಧ. ವ್ಯತ್ಯಾಸ ಪ್ರಮಾಣದಲ್ಲಿದೆ. ತಲೆನೋವು ತಡೆಯಲು 10ರಿಂದ 25, ಕೆಲವರಿಗೆ 50 ಮಿಲಿಗ್ರಾಂ ಸಾಕು. ಡಿಪ್ರೆಶನ್‌ಗೆ ನಿಧಾನವಾಗಿ ಏರಿಸಿ 75 ಅಥವಾ ಅದಕ್ಕಿಂತ ಜಾಸ್ತಿ ಕೊಡುತ್ತಾರೆ. ಅಷ್ಟಕ್ಕೆ ಬಾಯಿ ಒಣಗುವುದು, ಮಲಬದ್ಧತೆ, ಬೆಳಗಿನ ಮಂಪರು ಜಾಸ್ತಿಯಾಗುತ್ತವೆ. ಅದಕ್ಕೇ ಮನಸ್ಸಿಗೆ ಬೇರೆ ಗುಳಿಗೆ ಕೊಡುವುದೇ ಹೆಚ್ಚು. ಅಕ್ಕನ 10 ಮಿಲಿಗ್ರಾಂ ನೋವಿಗೆ ಮತ್ತು ನಿದ್ದೆಗೆ. ಅಳುವಿಗೆ ಅದರಿಂದ ಹೆಚ್ಚು ಸಿಗುವುದಿಲ್ಲ.

ಎರಡಕ್ಕೂ ಚಿಕಿತ್ಸೆ ಯಾಕೆ ಅಂದರೆ, ಒಂದು ಇನ್ನೊಂದನ್ನು ಕೆರಳಿಸುತ್ತದೆ. ನಾಳೆ ಮದುವೆ ಇದೆ, ತಲೆ ಎದ್ದರೆ ಹೇಗೆ ಅನ್ನೋ ಭಯದಲ್ಲೇ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮೈಗ್ರೇನ್ ಬರುತ್ತದೆ. ಬಂತು ಅಂತ ಮನೆಯಲ್ಲೇ ಉಳಿದರೆ, ಜನರ ಜೊತೆ ಬೆರೆಯದೆ ಮನಸ್ಸು ಇನ್ನೂ ಕುಗ್ಗುತ್ತದೆ. ನೋವನ್ನೂ ಮನಸ್ಸನ್ನೂ ನೋಡಿಕೊಳ್ಳುವ ಮಿದುಳಿನ ಭಾಗಗಳೂ ರಾಸಾಯನಿಕಗಳೂ ಬಹಳಷ್ಟು ಒಂದೇ. ಅದಕ್ಕೇ ಮನಸ್ಸು ಕುಗ್ಗಿದಾಗ ಅದೇ ನೋವು ಇನ್ನೂ ಜಾಸ್ತಿ ಅನಿಸುತ್ತದೆ.

ಶಹಾಪುರ, ಶಿಕ್ಷಕ: ನನ್ನದೂ ಮೈಗ್ರೇನ್. ಫ್ಲುನಾರಿಜಿನ್ ಕೊಟ್ಟಿದ್ದರು. ತಲೆನೋವು ಕಡಿಮೆಯಾಯಿತು. ಆದರೆ ತರಗತಿಗೆ ಹೋಗೋದೇ ಬೇಡ ಅನಿಸತೊಡಗಿತು. ವಯಸ್ಸಾಯಿತೇನೋ ಅಂದುಕೊಂಡೆ. ಹೆಂಡತಿ ಡಾಕ್ಟರಿಗೆ ಹೇಳಿದಾಗ ಅವರು ಔಷಧ ಬದಲಿಸಿದರು.

ನರ್ಸ್: ಮೇಷ್ಟ್ರೇ, ಬಹಳ ಮುಖ್ಯವಾದ ಮಾತು. ಆ ಔಷಧ ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ, ಮೈಗ್ರೇನ್‌ಗೆ ಕೊಡುವ ಟೋಪಿರಾಮೇಟ್ ಕೂಡ. ಮುಂಚೆ ಡಿಪ್ರೆಶನ್ ಇದ್ದರೆ ತಲೆನೋವಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಅವರ ಆಯ್ಕೆಯೇ ಬದಲಾಗುತ್ತದೆ.

ಯಾದಗಿರಿ: ನನಗೆ ಬಿಸಿಲಿಗೆ ತಲೆ ಸಿಡಿಯುತ್ತದೆ. ಮಜ್ಜಿಗೆ ಕುಡಿದರೆ ಇಳಿಯುತ್ತದೆ. ಅಕ್ಕನಿಗೂ ಕೊಟ್ಟು ನೋಡಿ.

ಸೇಡಂ: ಅದನ್ನೂ ನೋಡಿದೆವು. ನರ್ಸ್ ಮೇಡಂ, ಅಕ್ಕ ನೋವು ಬಂದಾಗ ನುಂಗುವ ಗುಳಿಗೆಯನ್ನೂ ದಿನಾ ನುಂಗುತ್ತಾಳೆ. ಡಾಕ್ಟರಿಗೆ ಹೇಳಿಲ್ಲ.

ನರ್ಸ್: ಇದನ್ನು ಹೇಳಲೇಬೇಕು. ಪ್ಯಾರಾಸಿಟಮಾಲ್ ತರಹದ್ದು ತಿಂಗಳಿಗೆ 15 ದಿನ, ಎರಡು-ಮೂರು ಔಷಧ ಸೇರಿದ ಕಾಂಬಿನೇಷನ್ ಗುಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗಿಂತ ಜಾಸ್ತಿ ನಡೆದರೆ ಗುಳಿಗೆಯೇ ತಲೆನೋವು ತರಬಹುದು. ಇದರಲ್ಲೂ ಆತಂಕದ ಪಾಲಿದೆ. ನೋವು ಶುರುವಾಗುವ ಮುಂಚೆಯೇ ಭಯಕ್ಕೆ ನುಂಗುತ್ತಾರೆ. ಬಿಡಿಸುವಾಗ ಮೊದಲ ಕೆಲವು ದಿನ ನೋವು ಏರುತ್ತದೆ, ಹಾಗಾಗಿ ಡಾಕ್ಟರ ಸಲಹೆಯಿಂದಲೇ ಬಿಡಿಸಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ತಲೆನೋವಿದ್ದ ದಿನ, ಗುಳಿಗೆ ನುಂಗಿದ ದಿನ, ನಿದ್ದೆ ಕೆಟ್ಟ ದಿನ ಬೇರೆ ಬೇರೆ ಗುರುತು ಹಾಕಿ. ಅದೇ ಎರಡೂ ಡಾಕ್ಟರಿಗೆ ಬೇಕಾದ ದಾಖಲೆ.

ಮನಸ್ಸಿನ ಗುಳಿಗೆ ಶುರುವಾದ ಮೊದಲ ವಾರ ತಲೆನೋವು, ಚಡಪಡಿಕೆ ಜಾಸ್ತಿ ಅನಿಸಬಹುದು. ಒಳ್ಳೆಯದು ಕಾಣಲು ಕೆಲವು ವಾರ ಬೇಕು. ಅಷ್ಟರಲ್ಲಿ ಬಿಟ್ಟುಬಿಡಬಾರದು. ತೊಂದರೆ ಜಾಸ್ತಿಯಾದರೆ ಡಾಕ್ಟರಿಗೆ ಫೋನ್ ಮಾಡಿ. ಅಮಿಟ್ರಿಪ್ಟಿಲಿನ್ ಗುಳಿಗೆಯ ಪಟ್ಟಿ ಮಾತ್ರ ನಿಮ್ಮ ಕೈಯಲ್ಲಿರಲಿ. ಜಾಸ್ತಿ ನುಂಗಿದರೆ ಜೀವಕ್ಕೆ ಅಪಾಯ. ಬದುಕೇ ಬೇಡ ಅನ್ನೋ ಮಾತು ಬಂದರೆ ತಡ ಮಾಡದೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಹಠಾತ್ತನೆ ಹಿಂದೆಂದೂ ಇಲ್ಲದಷ್ಟು ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಇವಾದರೆ ಆವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸೇಡಂ: ಅವ್ವ ಮಾತ್ರ, ಮನೋವೈದ್ಯರ ಹತ್ತಿರ ಹೋದರೆ ಊರಲ್ಲಿ ಏನಂತಾರೆ ಅಂತ ಕೂತಿದ್ದಾರೆ.

ನರ್ಸ್: ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವಾಗ ಅಂತ ವಿಚಾರಿಸಿ. ಅಲ್ಲಿ ಬಿಪಿ, ಶುಗರ್‌ನವರೂ ಕೂತಿರುತ್ತಾರೆ, ಯಾರು ಯಾಕೆ ಬಂದರು ಅಂತ ಯಾರಿಗೂ ಗೊತ್ತಾಗಲ್ಲ. ಅವ್ವನನ್ನೂ ಕರೆದುಕೊಂಡು ಹೋಗಿ.

ಸೇಡಂ: ಕ್ಯಾಲೆಂಡರ್ ಇವತ್ತೇ ಶುರು ಮಾಡುತ್ತೇವೆ. ಅವ್ವ ಒಪ್ಪುತ್ತಾರೋ ಇಲ್ಲವೋ, ಇನ್ನೂ ಮಾತಾಡಬೇಕು.