ಕುಮಾರ ಪರ್ವತದ ಏರು ಎಲ್ಲೆಲ್ಲಿ ಕಡಿದು? ಟೋಪೋಶೀಟ್ ಓದಿ ಹೋದವರ ಅನುಭವ

ಹಾಸನದಿಂದ ಪ್ರಶ್ನೆ: ಡಿಸೆಂಬರಿನಲ್ಲಿ ಅಪ್ಪನ ಜೊತೆ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತುವ ಯೋಚನೆಯಿದೆ. ಅವರಿಗೆ ಮೊಣಕಾಲಿನ ತೊಂದರೆ ಇದೆ. ಗ್ರಿಡ್ ಚೌಕಗಳಿರುವ 1:50,000ರ ಹಾಳೆ ಕೈಯಲ್ಲಿದೆ. ಎಲ್ಲಿ ಕಡಿದು ಎಂದು ಹೊರಡುವ ಮೊದಲೇ ತಿಳಿಯುವುದು ಹೇಗೆ?

ಪುತ್ತೂರಿನಿಂದ: ನಾನು ಈ ಬೆಟ್ಟವನ್ನು ಲೆಕ್ಕ ಹಾಕಿಯೇ ಹತ್ತಿದವನು. ಶಿಖರ 1,712 ಮೀಟರ್, ಕುಕ್ಕೆ ಸುಮಾರು 120 ಮೀಟರ್, ದಾರಿ ಹದಿಮೂರು ಕಿಲೋಮೀಟರ್ ಆಸುಪಾಸು. ಭಾಗಿಸಿದರೆ ನೂರು ಮೀಟರಿಗೆ ಹನ್ನೆರಡು ಮೀಟರ್ ಏರು, ಅಂದರೆ ಏಳು ಡಿಗ್ರಿ ಮಾತ್ರ. ಇಷ್ಟನ್ನು ತಿಳಿಯಲು ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳನ್ನು ಒಂದೊಂದಾಗಿ ಎಣಿಸುವ ಅಗತ್ಯ ನನಗೆ ಕಾಣಲಿಲ್ಲ.

ಮೈಸೂರಿನಿಂದ: ಪುತ್ತೂರಿನವರ ಭಾಗಾಕಾರ ಸರಿ, ಆದರೆ ಮೊಣಕಾಲಿಗೆ ಸರಾಸರಿ ಗೊತ್ತಾಗುವುದಿಲ್ಲ. ಸಮತಟ್ಟಾದ ನಡಿಗೆಯೂ ಉಸಿರು ಕಟ್ಟಿಸುವ ಏರೂ ಆ ಒಂದೇ ಅಂಕೆಯೊಳಗೆ ಕರಗಿಹೋಗುತ್ತವೆ. ನಾನು ದಾರಿಯನ್ನು ದಪ್ಪ ರೇಖೆಯಿಂದ ದಪ್ಪ ರೇಖೆಗೆ ತುಂಡು ಮಾಡುತ್ತೇನೆ. ಈ ಹಾಳೆಗಳಲ್ಲಿ ರೇಖೆಗಳ ಅಂತರ 20 ಮೀಟರ್, ಐದಕ್ಕೊಂದು ದಪ್ಪ, ಹೀಗಾಗಿ ಎರಡು ದಪ್ಪ ರೇಖೆಗಳ ನಡುವೆ ನೂರು ಮೀಟರ್ ಏರು. ಕಾಗದದ ಅಂಚನ್ನು ಕಾಲುದಾರಿಯ ಮೇಲಿಟ್ಟು, ತಿರುವು ಬಂದಲ್ಲಿ ಕಾಗದವನ್ನೂ ತಿರುಗಿಸುತ್ತ, ದಪ್ಪ ರೇಖೆ ದಾಟಿದಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತೇನೆ. ಗುರುತುಗಳ ನಡುವೆ 10 ಮಿಲಿಮೀಟರ್ ಬಂದರೆ 500 ಮೀಟರ್ ನಡೆದು ನೂರು ಏರಿದಂತೆ, ಹನ್ನೊಂದು ಡಿಗ್ರಿ, ಆರಾಮ. ಅದು 5 ಮಿಲಿಮೀಟರಿಗೆ ಇಳಿದರೆ ಇಪ್ಪತ್ತೆರಡು ಡಿಗ್ರಿ. ಮೊಣಕಾಲು ನೋವಿರುವವರನ್ನು ಅಂಥ ತುಂಡಿನಲ್ಲಿ ಇಳಿಯುವಾಗ ನಾನು ಅವಸರಪಡಿಸುವುದಿಲ್ಲ. 2 ಮಿಲಿಮೀಟರ್ ಆದರೆ ನಲವತ್ತೈದು ಡಿಗ್ರಿ, ಅಲ್ಲಿ ಕೈಯೂರಿಯೇ ಹತ್ತಬೇಕು.

ಅಳೆಯಬೇಕಾದದ್ದು ದಾರಿಯ ಉದ್ದಕ್ಕೆ, ಬೆಟ್ಟದ ನೇರಕ್ಕಲ್ಲ. ರೇಖೆಗಳು ಒತ್ತೊತ್ತಾಗಿದ್ದರೂ ದಾರಿ ಅವುಗಳ ಜೊತೆಜೊತೆಗೇ ಅಡ್ಡಡ್ಡಲಾಗಿ ಸಾಗಿದರೆ ಏರು ಸೌಮ್ಯವಾಗಿಯೇ ಇರುತ್ತದೆ.

ಶಿವಮೊಗ್ಗದಿಂದ: ಇಷ್ಟೆಲ್ಲ ಅಳೆಯಲು ನಕ್ಷೆ ಸರಿಯಾಗಿ ಅಚ್ಚಾಗಿರಬೇಕಲ್ಲ! ನಾವು ಪಿಡಿಎಫ್ ಕೊಟ್ಟ ಅಂಗಡಿಯವರು ಕೇಳದೆಯೇ ಅದನ್ನು ಕಾಗದದ ಅಳತೆಗೆ ಕುಗ್ಗಿಸಿಬಿಟ್ಟರು. 20 ಮಿಲಿಮೀಟರ್ ಇರಬೇಕಾದ ಕಿಲೋಮೀಟರ್ ಚೌಕ 14 ಮಿಲಿಮೀಟರ್ ಆಗಿತ್ತು. ಆ ಹಾಳೆಯ ಮೇಲೆ 5 ಮಿಲಿಮೀಟರ್ ಎಂದರೆ 250 ಅಲ್ಲ, ಸುಮಾರು 360 ಮೀಟರ್, ಅಂದರೆ ಹದಿನಾರು ಡಿಗ್ರಿಯ ದಾರಿ ಇಪ್ಪತ್ತೆರಡರಂತೆ ಕಂಡಿತು. ಹಿರಿಯರಿಗೆ ಆಗದು ಎಂದು ನಾಲ್ವರ ಬಸ್ ಟಿಕೆಟ್ ರದ್ದು ಮಾಡಿ 1,460 ರೂಪಾಯಿ ಕಳೆದುಕೊಂಡೆವು. ನೂರು ಪರ್ಸೆಂಟ್ ಅಳತೆಯಲ್ಲೇ ಅಚ್ಚು ಹಾಕಿ ಎಂದು ಬರೆದುಕೊಟ್ಟಿದ್ದರೂ ಹೀಗೆ ಮಾಡಿದರು!

ಪುತ್ತೂರಿನಿಂದ: ಅದಕ್ಕೇ ಹೇಳಿದ್ದು, ಎಣಿಸುತ್ತ ಕೂತರೆ ಬೆಟ್ಟ ಹತ್ತುವುದೇ ಇಲ್ಲ. ಅಚ್ಚು ಹೇಗಿದ್ದರೂ ಒತ್ತಾದ ರೇಖೆ ಒತ್ತಾಗಿಯೇ ಕಾಣುತ್ತದೆ.

ಶಿವಮೊಗ್ಗದಿಂದ: ಎಷ್ಟು ಒತ್ತು ಎನ್ನುವುದೇ ಅಲ್ಲವೇ ಪ್ರಶ್ನೆ? ನೀವು ಹತ್ತಿದಿರಿ ಎಂದ ಮಾತ್ರಕ್ಕೆ ಅವರ ತಂದೆಯವರೂ ಹತ್ತಬೇಕೆಂದು ಯಾವ ಧೈರ್ಯದಲ್ಲಿ ಹೇಳುತ್ತೀರಿ?

ಧಾರವಾಡದಿಂದ: ಜಗಳ ಬಿಡಿ, ನನ್ನ ಸಂಕಟ ಕೇಳಿ. ಕಡಿದಾದ ತುಂಡು ಆರಂಭವಾಗುವ ಜಾಗದ ಆರಂಕಿ ಗ್ರಿಡ್ ಸಂಖ್ಯೆಯನ್ನು ನಮ್ಮ ತಂಡದ ಮುಂದಾಳಿಗೆ ಕಳಿಸಿದ್ದೆ. ಅವರು ಉತ್ತರದ ಮೂರಂಕಿಯನ್ನು ಮೊದಲು ಓದಿ, ಮಧ್ಯಾಹ್ನದ ಊಟದ ನಿಲುಗಡೆಯನ್ನು ಕಣಿವೆಯಾಚೆಯ ಗುಡ್ಡದ ಮೇಲೆ ಗುರುತಿಸಿದರು. ಪೂರ್ವದ್ದು ಮೊದಲು, ಉತ್ತರದ್ದು ಆಮೇಲೆ ಎಂದು ಆಗ ವಾದಿಸಿ ವಾದಿಸಿ ಸಾಕಾಯಿತು.

ಮೈಸೂರಿನಿಂದ: ಧಾರವಾಡದವರದು ಸರಿಯಾದ ಕ್ರಮ. ಆರಂಕಿಯಿಂದ ಸಿಗುವುದು ನೂರು ಮೀಟರಿನ ಚೌಕವೇ ಹೊರತು ಒಂದು ಬಿಂದುವಲ್ಲ. ಸ್ಥಾನ ಗುರುತಿಸಲು ಎವರೆಸ್ಟ್ ಎಂಬ ಹಳೆಯ ಲೆಕ್ಕವನ್ನು ಆಧಾರವಾಗಿಟ್ಟುಕೊಂಡ ಹಾಳೆಯಾದರೆ ಮೊಬೈಲ್ ತೋರಿಸುವ ಜಾಗಕ್ಕೂ ಹಾಳೆಗೂ ನೂರಿನ್ನೂರು ಮೀಟರ್ ವ್ಯತ್ಯಾಸ ಬರುತ್ತದೆ, ಕಡಿದಾದ ಏಣಿನ ಮೇಲೆ ಅದು ಬೇರೆಯೇ ದಪ್ಪ ರೇಖೆಯಾಗಿರಬಹುದು. ಹಾಳೆಯ ಅಂಚಿನಲ್ಲಿ ಆಧಾರ ಯಾವುದೆಂದು ಬರೆದಿರುತ್ತದೆ, ನೋಡಿಕೊಳ್ಳಿ. ಶಿವಮೊಗ್ಗದವರ ಅಚ್ಚಿನ ತೊಂದರೆಗೆ ಚೌಕವನ್ನೇ ಅಳತೆಗೋಲು ಮಾಡಿಕೊಳ್ಳುವುದು ವಾಸಿ, ಅದು ಎಷ್ಟು ಕುಗ್ಗಿದರೂ ಒಂದು ಕಿಲೋಮೀಟರೇ.

ಪುತ್ತೂರಿನಿಂದ: ಇಷ್ಟು ಅಳೆದರೂ ಹದಿನೈದು ಮೀಟರಿನ ಬಂಡೆ ಎರಡು ರೇಖೆಗಳ ನಡುವೆ ಅಡಗಿ ಕೂರಬಹುದಲ್ಲ? ಅದನ್ನು ನಿಮ್ಮ ಪೆನ್ಸಿಲ್ ತೋರಿಸುತ್ತದೆಯೇ?

ಮೈಸೂರಿನಿಂದ: ತೋರಿಸುವುದಿಲ್ಲ. ಕಾಡಿನೊಳಗಿನ ಸಣ್ಣ ಅಂಕುಡೊಂಕುಗಳೂ ಈ ಅಳತೆಯಲ್ಲಿ ಮೂಡುವುದಿಲ್ಲ, ಹೀಗಾಗಿ ನಿಜವಾದ ನಡಿಗೆ ಲೆಕ್ಕಕ್ಕಿಂತ ಉದ್ದವೂ ಅಲ್ಲಲ್ಲಿ ಸೌಮ್ಯವೂ ಆಗಬಹುದು. ಆದರೂ ದಾರಿಯ ನಡುವೆ ಸಿಗುವ ಭಟ್ಟರ ಮನೆಯವರೆಗಿನ ತುಂಡುಗಳನ್ನೂ ಅಲ್ಲಿಂದ ಮೇಲಿನವನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡರೆ, ತಂದೆಯವರು ಎಲ್ಲಿಂದ ಹಿಂದಿರುಗಬೇಕೆಂದು ಹಾಸನದವರು ಮನೆಯಲ್ಲೇ ಗೊತ್ತುಮಾಡಿಕೊಳ್ಳಬಹುದು.

ಪುತ್ತೂರಿನಿಂದ: ಹಿಂದಿರುಗುವ ಮಾತನ್ನು ಹೊರಡುವ ಮೊದಲೇ ಆಡುವುದನ್ನು ನಾನು ಒಪ್ಪುವುದಿಲ್ಲ.