30 ಅರ್ಜಿಗಳಲ್ಲಿ ಒಂದೂ ತಪ್ಪಿಲ್ಲ: ಯಾವ ಬೀಟಾ ಪ್ರಯರ್ ಹಾಕಲಿ?

ಕೇಳಿದವರು: ಕೈಬರಹದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮದು. ಹೊಸ ಸುತ್ತಿನಲ್ಲಿ 30 ಅರ್ಜಿ ತೆಗೆದು ನೋಡಿದೆ, ಒಂದರಲ್ಲೂ ತಪ್ಪಿಲ್ಲ. ಹಿಂದಿನ ಸುತ್ತಿನಲ್ಲಿ 200ರ ಪೈಕಿ 10 ಅರ್ಜಿಗಳಲ್ಲಿ ತಪ್ಪಿತ್ತು. ತಪ್ಪಿರುವ ಅರ್ಜಿಗಳು ಶೇ. 5ಕ್ಕಿಂತ ಕಡಿಮೆ ಅಂತ ಎಷ್ಟು ಗಟ್ಟಿಯಾಗಿ ಹೇಳಬಹುದು? ಮೊದಲೇ ಇರುವ ತಿಳಿವಳಿಕೆಯನ್ನು ಲೆಕ್ಕಕ್ಕೆ ಸೇರಿಸಲು ಬೀಟಾ ಪ್ರಯರ್ ಹಾಕು ಅಂತಾರೆ. ಯಾವುದು ಹಾಕಲಿ? ಮಾಡಿ ನೋಡಿದವರು ಹೇಳಿ.

ಹೊಸದಾಗಿ ಕಲಿತವರು: ಬೀಟಾ(1, 1) ಹಾಕಿ. ಎಲ್ಲ ಪ್ರಮಾಣಕ್ಕೂ ಸಮಾನ ಪಾಲು, ಹಾಗಾಗಿ ನಿಮ್ಮ ಅಭಿಪ್ರಾಯ ಏನೂ ಸೇರುವುದಿಲ್ಲ. ತಪ್ಪಿದ್ದವನ್ನು ಮೊದಲ ಅಂಕಿಗೆ ಕೂಡಿ, ಸರಿ ಇದ್ದವನ್ನು ಎರಡನೆಯದಕ್ಕೆ ಕೂಡಿ. ಬೀಟಾ(1, 31) ಬಂತು. ಸರಾಸರಿ 32ರಲ್ಲಿ 1, ಅಂದರೆ ಸುಮಾರು ಶೇ. 3. ಅಷ್ಟೇ.

ಮೇಷ್ಟ್ರು: ಕೂಡುವ ರೀತಿ ಸರಿಯಾಗಿದೆ. ಬೀಟಾ ಹಾಕಿದರೆ ಸಿಗುವ ದೊಡ್ಡ ಅನುಕೂಲವೇ ಅದು, ಲೆಕ್ಕ ಬರೀ ಕೂಡುವುದರಲ್ಲಿ ಮುಗಿಯುತ್ತದೆ. ಆದರೆ (1, 1)ರಲ್ಲಿ ಅಭಿಪ್ರಾಯ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಅರ್ಜಿಗಳಲ್ಲಿ ತಪ್ಪಿರಬಹುದು ಅನ್ನುವುದಕ್ಕೂ ಅದು ಶೇ. 50 ಪಾಲು ಕೊಡುತ್ತದೆ. ಈ ಕೆಲಸ ಮಾಡಿದ ಯಾರಾದರೂ ಹಾಗೆ ನಂಬುತ್ತಾರಾ?

ಎಣಿಕೆ ದೊಡ್ಡದಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಸಿಕ್ಕ ತಪ್ಪುಗಳ ಎಣಿಕೆ ಸೊನ್ನೆ. ಹಾಗಾಗಿ ಮೊದಲ ಅಂಕಿ ಪೂರ್ತಿ ಪ್ರಯರ್‌ನಿಂದಲೇ ಬರುತ್ತದೆ. (1, 1)ರ ಬದಲು (0.5, 0.5) ಹಾಕಿ ನೋಡಿ, ಸರಾಸರಿ ಶೇ. 3.1ರಿಂದ 1.6ಕ್ಕೆ ಇಳಿಯುತ್ತದೆ. ಎರಡನ್ನೂ "ತಟಸ್ಥ" ಅಂತಲೇ ಕರೆಯುತ್ತಾರೆ, ಉತ್ತರ ಮಾತ್ರ ಅರ್ಧಕ್ಕರ್ಧ ಬೇರೆ.

ನಿಮ್ಮ ಹತ್ತಿರ ಹಳೆಯ ಸುತ್ತಿನ ಲೆಕ್ಕ ಇದೆಯಲ್ಲ, ಅದನ್ನು ಬಿಡಬೇಡಿ. ಬೀಟಾದ ಎರಡು ಅಂಕಿಗಳನ್ನು ನಾನು "ಈಗಾಗಲೇ ನೋಡಿದ ಅರ್ಜಿಗಳು" ಅಂತಲೇ ಓದುತ್ತೇನೆ. ಮೊದಲನೆಯದು ತಪ್ಪಿದ್ದವು, ಎರಡನೆಯದು ಸರಿ ಇದ್ದವು. ಎರಡನ್ನೂ ಕೂಡಿದರೆ ಹಳೆಯ ತಿಳಿವಳಿಕೆಯ ತೂಕ ಗೊತ್ತಾಗುತ್ತದೆ.

ಕೇಳಿದವರು: ಹಾಗಾದರೆ ನೇರವಾಗಿ ಬೀಟಾ(10, 190) ಹಾಕಿಬಿಡಲಾ?

ಮೇಷ್ಟ್ರು: ಹಾಕಿದರೆ ಹೊಸ 30 ಕೂಡಿದ ಮೇಲೆ ಸಿಗುವ ಪೋಸ್ಟೀರಿಯರ್ ಬೀಟಾ(10, 220). ಶೇ. 5ಕ್ಕಿಂತ ಕಡಿಮೆ ಇರುವ ಸಂಭವ ಸುಮಾರು ಶೇ. 71 ಬರುತ್ತದೆ. ಇದರ ಅರ್ಥ ಏನು ಗೊತ್ತಾ? ಹಳೆಯ ಅರ್ಜಿ ಒಂದೊಂದೂ ಹೊಸ ಅರ್ಜಿ ಒಂದಕ್ಕೆ ಸಮ ಅಂದ ಹಾಗೆ. ಏರಿಸುವವರು, ಅರ್ಜಿಯ ನಮೂನೆ, ಎಲ್ಲ ಹಿಂದಿನದೇ ಇದ್ದರೆ ಸರಿ. ಏನಾದರೂ ಬದಲಾಗಿದೆಯಾ?

ಕೇಳಿದವರು: ನಮೂನೆ ಬದಲಾಗಿದೆ, ಖಾನೆಗಳು ಕಡಿಮೆ ಆಗಿವೆ. ಏರಿಸುವವರಲ್ಲಿ ಅರ್ಧ ಜನ ಹೊಸಬರು.

ಮೇಷ್ಟ್ರು: ಹಾಗಿದ್ದರೆ ತೂಕ ಇಳಿಸಿ. ನಾನಾಗಿದ್ದರೆ ಐದನೇ ಒಂದು ಪಾಲು ಮಾಡುತ್ತಿದ್ದೆ. 200ರ ತೂಕ 40 ಆಗುತ್ತದೆ, ಪ್ರಯರ್ ಬೀಟಾ(2, 38). ಸರಾಸರಿ ಮೊದಲಿನಂತೆ ಶೇ. 5, ಹಟ ಮಾತ್ರ ಕಡಿಮೆ. 30 ಸರಿ ಅರ್ಜಿ ಕೂಡಿದರೆ ಬೀಟಾ(2, 68). ಸರಾಸರಿ 70ರಲ್ಲಿ 2, ಶೇ. 2.9. ಉಳಿದದ್ದು ಹೀಗೆ:

```
from scipy.stats import beta
beta.cdf(0.05, 2, 68)   # 0.87
beta.ppf(0.95, 2, 68)   # 0.067
```

ಶೇ. 5ಕ್ಕಿಂತ ಕಡಿಮೆ ಇರುವ ಸಂಭವ ಶೇ. 87. ಪ್ರಮಾಣ ಶೇ. 6.7ರ ಒಳಗೆ ಇದೆ ಅನ್ನಲು ಶೇ. 95 ಸಂಭವ.

ಒಂದು ಎಚ್ಚರ. ಹಳೆಯದೂ ಹೊಸದೂ ಒಂದಕ್ಕೊಂದು ಹೊಂದುತ್ತವಾ ಅಂತ ಮೊದಲು ನೋಡಿ. ನಿಜವಾದ ಪ್ರಮಾಣ ಶೇ. 5 ಇದ್ದರೂ 30ರಲ್ಲಿ ಒಂದೂ ತಪ್ಪು ಸಿಗದಿರುವ ಸಂಭವ 0.95ರ 30ನೇ ಘಾತ, ಸುಮಾರು 0.21. ಐದು ಸಲಕ್ಕೆ ಒಂದು ಸಲ ಹೀಗಾಗುತ್ತದೆ, ಆಶ್ಚರ್ಯ ಇಲ್ಲ. ಅದು 0.001 ಬಂದಿದ್ದರೆ ಹಳೆಯ ಲೆಕ್ಕ ಈ ಸುತ್ತಿಗೆ ಸೇರಿದ್ದೇ ಅಲ್ಲ ಅನ್ನುತ್ತಿದ್ದೆ.

ಸಮೀಕ್ಷೆ ಕೆಲಸದವರು: ಆ ಐದನೇ ಒಂದು ಎಲ್ಲಿಂದ ಬಂತು ಸರ್? ಹತ್ತನೇ ಒಂದು ಮಾಡಿದರೆ ಬೀಟಾ(1, 49), ಶೇ. 92 ಸಿಗುತ್ತದೆ. ಪೂರ್ತಿ ಹಾಕಿದರೆ 71. ನಿಮ್ಮ ಮೇಲಿನವರು "90 ದಾಟಬೇಕು" ಅಂದರೆ ಯಾರು ಬೇಕಾದರೂ ಬೇಕಾದ ಪಾಲು ಆರಿಸಿಕೊಳ್ಳಬಹುದು, ಅಲ್ವಾ?

ಮೇಷ್ಟ್ರು: ನಿಜ. ಅದಕ್ಕೇ ಪಾಲನ್ನು ಅರ್ಜಿ ನೋಡುವ ಮೊದಲೇ ಬರೆದಿಡಬೇಕು. ಐದನೇ ಒಂದು ನನ್ನ ಅಂದಾಜು, ಅದಕ್ಕೆ ಸೂತ್ರ ಇಲ್ಲ. ಈಗ 30 ನೋಡಿ ಆಗಿದೆ, ಹಾಗಾಗಿ ಎರಡು ಮೂರು ಪಾಲುಗಳ ಉತ್ತರವನ್ನೂ ಒಟ್ಟಿಗೆ ಕೊಡುವುದು ಪ್ರಾಮಾಣಿಕ. 71ರಿಂದ 92ರವರೆಗೆ ಓಡಾಡುತ್ತಿದ್ದರೆ 30 ಅರ್ಜಿ ಸಾಲದು ಅಂತಲೇ ಅರ್ಥ.

ಸಮೀಕ್ಷೆ ಕೆಲಸದವರು: ಮೊದಲೇ ಬರೆದಿಟ್ಟರೂ ಅಂದಾಜು ಅಂದಾಜೇ. ನಾನು ಹಳೆಯದನ್ನು ಸೇರಿಸುವುದೇ ಇಲ್ಲ, ಪಕ್ಕದಲ್ಲಿ ಬೇರೆಯಾಗಿ ತೋರಿಸುತ್ತೇನೆ.

ಎಕ್ಸೆಲ್ ಬಳಸುವವರು: ಪೈಥಾನ್ ಬಾರದವರಿಗೆ ಇದು:

```
=BETA.DIST(0.05,2,68,TRUE)
```

ಕೊನೆಯ `TRUE` ಮರೆಯಬೇಡಿ. ನಾನೊಮ್ಮೆ `FALSE` ಹಾಕಿ, ಬಂದದ್ದನ್ನೇ ವರದಿಯಲ್ಲಿ ಬರೆದಿದ್ದೆ. ಈ ಅಂಕಿಗಳಿಗೆ ಹಾಗೆ ಹಾಕಿದರೆ 7.5ರ ಆಸುಪಾಸು ಬರುತ್ತದೆ. ಸಂಭವ 1 ದಾಟುವುದಿಲ್ಲ, ಹಾಗಾಗಿ ಗೊತ್ತಾಗುತ್ತದೆ. ನನಗೆ ಬಂದಿದ್ದು 0.8, ಯಾರಿಗೂ ಗೊತ್ತಾಗಲಿಲ್ಲ. ಅದು ಆ ಜಾಗದಲ್ಲಿ ವಕ್ರರೇಖೆಯ ಎತ್ತರ, ಎಡಗಡೆಯ ಪಾಲಲ್ಲ.

ಇನ್ನೊಬ್ಬರು: ನನಗೆ ಇದು ಕೆಲಸವೇ ಮಾಡಲಿಲ್ಲ. 10 ಅರ್ಜಿ ನೋಡಿದೆ, ಒಟ್ಟು 14 ತಪ್ಪು. (1, 1)ಕ್ಕೆ ಕೂಡಿದರೆ ಎರಡನೇ ಅಂಕಿ ಮೈನಸ್ 3 ಬಂತು. ಬೀಟಾನೇ ಸರಿ ಇಲ್ಲ ಅನ್ನಿಸಿತು.

ಮೇಷ್ಟ್ರು: ನಿಮ್ಮ ಲೆಕ್ಕ ಬೇರೆ. ಒಂದು ಅರ್ಜಿಯಲ್ಲಿ ಎಷ್ಟು ತಪ್ಪು ಅಂತ ಎಣಿಸಿದ್ದೀರಿ. ಬೀಟಾ ಬೇಕಾಗುವುದು ತಪ್ಪಿದೆಯೋ ಇಲ್ಲವೋ ಅನ್ನುವ ಎಣಿಕೆಗೆ, ಅಲ್ಲಿ ತಪ್ಪಿದ್ದವು ನೋಡಿದವನ್ನು ಮೀರಲಾರವು. ಒಂದೊಂದರಲ್ಲಿ ಎಷ್ಟು ಅನ್ನುವುದಕ್ಕೆ ಗಾಮಾ ಪ್ರಯರ್ ಹಾಕಿ. ಅಲ್ಲೂ ಕೂಡುವುದೇ ಕೆಲಸ: ತಪ್ಪುಗಳನ್ನು ಒಂದಕ್ಕೆ, ಅರ್ಜಿಗಳನ್ನು ಇನ್ನೊಂದಕ್ಕೆ.

ಮೇಲ್ವಿಚಾರಣೆ ಮಾಡುವವರು: ಎಲ್ಲರೂ ಪ್ರಯರ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಕೇಳುವುದು ಬೇರೆ. ಆ 30 ಅರ್ಜಿ ಯಾರು ಏರಿಸಿದ್ದು? ನಮ್ಮಲ್ಲಿ ಮೇಲಿನ ಕಟ್ಟು ತೆಗೆದು ನೋಡಿದ್ದೆವು, ಎಲ್ಲ ಸರಿ. ಆಮೇಲೆ ನೋಡಿದರೆ ಆ ಕಟ್ಟು ಪೂರ್ತಿ ಒಬ್ಬ ಅನುಭವಿಯದು. ಕೆಳಗಿನ ಕಟ್ಟುಗಳಲ್ಲಿ ಸಾಲು ಸಾಲು ತಪ್ಪು.

ಕೇಳಿದವರು: ಈಗ ತೆಗೆದು ನೋಡಿದೆ. 30ರಲ್ಲಿ 22 ಇಬ್ಬರೇ ಏರಿಸಿದ್ದು. ಒಟ್ಟು ಇರುವವರು ಹತ್ತು ಜನ.

ಮೇಷ್ಟ್ರು: ಒಳ್ಳೆಯ ಪ್ರಶ್ನೆ ಕೇಳಿದರು. ಹಾಗಿದ್ದರೆ ನಿಮ್ಮ 30, 30ರಷ್ಟು ಬೆಲೆ ಬಾಳುವುದಿಲ್ಲ. ಶೇ. 87 ಅನ್ನುವುದನ್ನು ಯಾರಿಗೂ ಹೇಳಬೇಡಿ. ಒಬ್ಬೊಬ್ಬರಿಗೂ ಅವರದೇ ಪ್ರಮಾಣ ಇಟ್ಟು ಲೆಕ್ಕ ಮಾಡಬಹುದು, ಆದರೆ ಅದು ಕೂಡಿ ಮುಗಿಸುವ ಲೆಕ್ಕ ಅಲ್ಲ. ಸುಮ್ನೆ ಕಷ್ಟಪಡುವ ಬದಲು ಹತ್ತೂ ಜನರಿಂದ ಮೂರು ಮೂರು ಅರ್ಜಿ, ಕಣ್ಣುಮುಚ್ಚಿ ಆರಿಸಿ. ಹಳೆಯ 30 ಪಕ್ಕಕ್ಕಿಡಿ, ಮತ್ತೆ (2, 38)ರಿಂದಲೇ ಶುರು ಮಾಡಿ.

ಕೇಳಿದವರು: ನೋಡಿದೆ. ಹೊಸ 30ರಲ್ಲಿ 1 ತಪ್ಪು, ಹೊಸಬರೊಬ್ಬರದು. ಬೀಟಾ(3, 67) ಬಂತು. ಸರಾಸರಿ ಶೇ. 4.3, ಶೇ. 5ಕ್ಕಿಂತ ಕಡಿಮೆ ಇರುವ ಸಂಭವ ಸುಮಾರು ಶೇ. 68. ಹೊಸಬರು ಏರಿಸಿದ್ದನ್ನು ಮಾತ್ರ ಇನ್ನೂ 60 ನೋಡಿ, ಅವರದ್ದನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತೇನೆ.