ಪದಚರ್ಚೆ: ಬೆಲೆ ಇಳಿಸುವ ಮುಂಚೆ ಲೆಕ್ಕ ಹಾಕುವ ‘ಬ್ರೇಕ್ ಈವನ್’ ಮಾರಾಟಕ್ಕೆ ಏನನ್ನೋಣ? (ತುರ್ತು)

ವಸುಧಾ:

ಎಲ್ಲರಿಗೂ ನಮಸ್ಕಾರ. ಸಣ್ಣ ಉತ್ಪಾದಕರಿಗಾಗಿ ಬೆಲೆ ನಿಗದಿಯ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಇವತ್ತು ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಒಂದು ಕೋಷ್ಟಕದ ತಲೆಬರಹ ಮಾತ್ರ ಕೂರುತ್ತಿಲ್ಲ.

ಹೆಚ್ಚು ಗಿರಾಕಿಗಳು ಬರಲೆಂದು ಬೆಲೆ ಇಳಿಸುತ್ತೇವೆ. ಇಳಿಸಿದ್ದರಿಂದ ಕೈ ಸುಡದಿರಬೇಕಾದರೆ ಕನಿಷ್ಠ ಎಷ್ಟು ಮಾರಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕುವ ಕೋಷ್ಟಕ ಅದು. ಮೂಲದಲ್ಲಿ ‘ಬ್ರೇಕ್ ಈವನ್ ಸೇಲ್ಸ್ ವಾಲ್ಯೂಮ್’ ಎಂದಿದೆ. ನನಗಿಂತ ಮೊದಲು ಕೈಯಾಡಿಸಿದವರು ‘ಸಮವಿಚ್ಛೇದ ಮಾರಾಟ ಪ್ರಮಾಣ’ ಎಂದು ಹಾಕಿ ಹೋಗಿದ್ದಾರೆ. ಕೋಷ್ಟಕದ ಉದಾಹರಣೆ: ಬೆಲೆ 100, ಒಂದಕ್ಕೆ ತಗಲುವ ಉತ್ಪಾದನಾ ವೆಚ್ಚ 60, ತಿಂಗಳ ಮಾರಾಟ 600. ಬೆಲೆ 90ಕ್ಕೆ ಇಳಿದರೆ ಉತ್ತರ 800. ತಲೆಬರಹಕ್ಕೆ ಎರಡು ಮೂರು ಪದಗಳಷ್ಟೇ ಜಾಗ.

ಶ್ರೀನಿವಾಸ:

ಸಮವಿಚ್ಛೇದ ಖಂಡಿತ ಬೇಡ. ಹಿಂದಿಯವರು ಕಟ್ಟಿಕೊಂಡ ಪದವನ್ನು ಲಿಪಿ ಬದಲಿಸಿ ಇಟ್ಟಿದ್ದಾರೆ. ನಮಗೆ ವಿಚ್ಛೇದ ಎಂದರೆ ಮದುವೆ ಮುರಿಯುವುದೇ ನೆನಪಾಗುತ್ತದೆ. ಮಾರುವವರ ಬಾಯಲ್ಲೇ ‘ಗಿಟ್ಟು’ ಇದೆ: ‘ಈ ರೇಟಿಗೆ ಗಿಟ್ಟಲ್ಲ’, ‘ಇಷ್ಟಾದರೂ ಹೋದರೆ ಗಿಟ್ಟುತ್ತೆ’. ‘ಗಿಟ್ಟುಮಟ್ಟ’ ಎನ್ನಿ. ಅಚ್ಚಗನ್ನಡ, ಒಂದೇ ಪದ, ಮುಗಿಯಿತು.

ರಘು:

ಪದಕ್ಕಿಂತ ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ, 800 ತಪ್ಪು. ಬಾಡಿಗೆ, ಸಂಬಳ ಎಲ್ಲ ಸೇರಿ ತಿಂಗಳ ಸ್ಥಿರವೆಚ್ಚ 9000 ಎಂದಿಟ್ಟುಕೊಳ್ಳಿ. 90ಕ್ಕೆ ಮಾರಿದರೆ ಒಂದರ ಮೇಲೆ 30 ಉಳಿಯುತ್ತದೆ. 9000ವನ್ನು 30ರಿಂದ ಭಾಗಿಸಿದರೆ 300. ಅಷ್ಟು ಹೋದರೆ ಅಸಲು ಹುಟ್ಟಿತು. ಹಾಗಾಗಿ ‘ಅಸಲು ಹುಟ್ಟುವ ಮಾರಾಟ’ ಎನ್ನಿ, ಯಾರಿಗೂ ವಿವರಿಸಬೇಕಾಗಿಲ್ಲ.

ಮಂಜುಳಾ:

ರಘು ಅವರೇ, ನಿಮ್ಮ 300 ಸರಿ. ಆದರೆ ಅದು ಬೇರೆ ಪ್ರಶ್ನೆಯ ಉತ್ತರ. ವಸುಧಾ ಕೇಳಿದ್ದಕ್ಕೆ 800 ಸರಿ.

ಈ ವ್ಯಾಪಾರಿ ನಷ್ಟದಲ್ಲಿಲ್ಲ. 600 ಮಾರಿ, ಒಂದರ ಮೇಲೆ 40ರಂತೆ 24000 ಉಳಿಸುತ್ತಿದ್ದಾರೆ. ಸ್ಥಿರವೆಚ್ಚ 9000 ಕಳೆದರೆ ಲಾಭ 15000. ಬೆಲೆ ಇಳಿಸಿ 300 ಮಾರಿದರೆ ಅಸಲೇನೋ ಹುಟ್ಟುತ್ತದೆ, ಆದರೆ ಕೈಯಲ್ಲಿದ್ದ 15000 ಹೋಗುತ್ತದೆ. ‘ಬೆಲೆ ಇಳಿಸಲೇ ಬೇಡವೇ’ ಎಂದು ಯೋಚಿಸುವವರಿಗೆ ಬೇಕಾದದ್ದು ಆ 15000 ಹಾಗೇ ನಿಲ್ಲುವಷ್ಟು ಮಾರಾಟ.

ಅದನ್ನು ಹೀಗೆ ನೋಡಿ. ಬೆಲೆ ಇಳಿಸುವುದು ಹೊಸ ಗಿರಾಕಿಗಳಿಗೆಂದು, ಆದರೆ 10ರ ಕಡಿತ ಹಳಬರಿಗೂ ಸಿಗುತ್ತದೆ. ಹೇಗಿದ್ದರೂ 100 ಕೊಟ್ಟು ಕೊಳ್ಳುತ್ತಿದ್ದ 600ರ ಮೇಲೆ 6000 ಬಿಟ್ಟುಕೊಟ್ಟಂತಾಯಿತು. ಅದನ್ನು ಹೊಸದಾಗಿ ಹೋಗುವ ಮಾಲು ತುಂಬಿಕೊಡಬೇಕು, ಅದು ತರುವುದು ಒಂದಕ್ಕೆ 30 ಮಾತ್ರ. 6000ವನ್ನು 30ರಿಂದ ಭಾಗಿಸಿ: ಇನ್ನೂ 200 ಮಾರಬೇಕು. ಬೆಲೆ ಇಳಿದದ್ದು ನೂರಕ್ಕೆ 10, ಮಾರಾಟ ಏರಬೇಕಾದದ್ದು ನೂರಕ್ಕೆ 33. ಕೈಪಿಡಿಯ ಓದುಗರು ಬೆಚ್ಚಬೇಕಾದ ಜಾಗ ಇದೇ. ಇಲ್ಲಿ ‘ಅಸಲು’ ಎಂದರೆ ಅವರು 300ನ್ನೇ ನಂಬಿಕೊಂಡು ಬೆಲೆ ಇಳಿಸುತ್ತಾರೆ.

ಒಂದು ಕಡೆ ಬಿಟ್ಟದ್ದು, ಇನ್ನೊಂದು ಕಡೆ ಬಂದದ್ದು, ಎರಡೂ ತಕ್ಕಡಿಯಲ್ಲಿ ಸಮ. ಇದಕ್ಕೆ ‘ಸರಿದೂಗು’ ಇರುವಾಗ ಹೊಸ ಪದ ಕಟ್ಟುವ ಅಗತ್ಯವಿಲ್ಲ. ‘ಸರಿದೂಗುವ ಮಾರಾಟ’.

ಶ್ರೀನಿವಾಸ:

ಸರಿದೂಗು ಒಪ್ಪಿದೆ. ಸರಿ, ತೂಗು ಎರಡೂ ನಮ್ಮವು. ಆದೇಶದಲ್ಲಿ ತಕಾರ ದಕಾರವಾಗಿದೆ, ಕೂಡಿಕೆ ಶುದ್ಧ. ಆದರೂ ‘ಗಿಟ್ಟು’ವಿನ ಬಿಸಿ ಅದಕ್ಕಿಲ್ಲ. ರಘು ಅವರ ‘ಅಸಲು’ ಅರಬ್ಬಿಯದು, ಚರ್ಚೆಗೇ ಬೇಡ.

ರಘು:

ಅರಬ್ಬಿ ಮೂಲದ್ದಾದರೆ ಏನಂತೆ? ವಸೂಲು, ಬಾಕಿ, ಜಮಾ, ಖರ್ಚು ಇಷ್ಟನ್ನೂ ತೆಗೆದುಹಾಕಿ ಒಂದು ಪುಟ ಲೆಕ್ಕದ ಪುಸ್ತಕ ಬರೆದು ತೋರಿಸಿ. ಅಸಲು ಯಾವತ್ತೋ ಕನ್ನಡವಾಗಿದೆ. ಮಂಜುಳಾ ಅವರು ಹೇಳಿದ ಅರ್ಥಭೇದ ಒಪ್ಪುತ್ತೇನೆ, ನಿಮ್ಮ ಕಾರಣ ಒಪ್ಪುವುದಿಲ್ಲ.

ಹರೀಶ:

ಸರಿದೂಗು ಚೆನ್ನಾಗಿದೆ. ಆದರೆ 800 ನನಗೂ ಜಾಸ್ತಿ ಎನಿಸುತ್ತದೆ. ಮೊದಲು 600ನ್ನು 100ರಂತೆ ಮಾರಿ 60000 ಬರುತ್ತಿತ್ತು. 90ರಂತೆ 667 ಮಾರಿದರೆ ಅಷ್ಟೇ ಹಣ ಬರುತ್ತದೆ. ನೂರಕ್ಕೆ 11ರಷ್ಟು ಏರಿದರೆ ಸರಿದೂಗಿತಲ್ಲ?

ಮಂಜುಳಾ:

ಸರಿದೂಗಿದ್ದು ವಹಿವಾಟು, ಲಾಭವಲ್ಲ. ಆ ಹೆಚ್ಚುವರಿ 67ನ್ನು ತಯಾರಿಸಲು ತಲಾ 60 ಖರ್ಚಾಗಿದೆ, ಅದು ನಿಮ್ಮ ಲೆಕ್ಕದಲ್ಲಿ ಇಲ್ಲ. 667ರ ಮೇಲೆ 30ರಂತೆ ಉಳಿಯುವುದು ಸುಮಾರು 20000. ಮೊದಲು ಉಳಿಯುತ್ತಿದ್ದದ್ದು 24000. ಗಲ್ಲಾಪೆಟ್ಟಿಗೆ ಮೊದಲಿನಷ್ಟೇ ತುಂಬುತ್ತದೆ, ತಿಂಗಳ ಕೊನೆಗೆ 4000 ಕಡಿಮೆ ಬೀಳುತ್ತದೆ. ಇನ್ನೂ ಒಂದು ತಪ್ಪು ಇದರ ಜೊತೆಗೇ ಬರುತ್ತದೆ: ಬಿಟ್ಟ 10ನ್ನು ಹಳೆಯ ಉಳಿಕೆ 40ರಿಂದ ಭಾಗಿಸಿ ‘ನೂರಕ್ಕೆ 25 ಸಾಕು’ ಎನ್ನುವುದು. ಭಾಗಿಸಬೇಕಾದದ್ದು ಹೊಸ ಉಳಿಕೆಯಾದ 30ರಿಂದ, ಏಕೆಂದರೆ ಇನ್ನು ಮೇಲೆ ಮಾರುವ ಪ್ರತಿಯೊಂದೂ ತರುವುದು ಅಷ್ಟೇ.

ಹರೀಶರಿಗೆ ಹೀಗೆ ಅನಿಸಿದ್ದು ಪದದ ಕೊರತೆಯಿಂದಲೂ ಹೌದು. ಬರೀ ‘ಸರಿದೂಗುವ’ ಎಂದರೆ ಏನು ಸರಿದೂಗಬೇಕು ಎಂಬುದು ಬಿಟ್ಟುಹೋಗುತ್ತದೆ. ನನ್ನ ಸೂಚನೆಯನ್ನು ತಿದ್ದಿಕೊಳ್ಳುತ್ತೇನೆ: ‘ಲಾಭ ಸರಿದೂಗುವ ಮಾರಾಟ’.

ವಸುಧಾ, ತಲೆಬರಹಕ್ಕಿಂತ ದೊಡ್ಡ ತೊಂದರೆ ಎರಡನೇ ಸಾಲಿನಲ್ಲಿದೆ. ಅಲ್ಲಿ ‘ಉತ್ಪಾದನಾ ವೆಚ್ಚ’ ಎಂದಿರಬಾರದು. ಹಾಗೆಂದರೆ ಓದುವವರು ಬಾಡಿಗೆಯ ಪಾಲನ್ನೂ ಸೇರಿಸುತ್ತಾರೆ. ಇದೇ ಉದಾಹರಣೆಯಲ್ಲಿ 9000ವನ್ನು 600ಕ್ಕೆ ಹಂಚಿದರೆ ತಲಾ 15. ವೆಚ್ಚ 75 ಎಂದು ಬರೆದರೆ ಹೊಸ ಉಳಿಕೆ 15ಕ್ಕೆ ಇಳಿದು, ಉತ್ತರ 800ರ ಬದಲು 1000 ಬರುತ್ತದೆ. ಲಾಭ ತರಬಹುದಾದ ಕಡಿತವನ್ನೂ ಕೈಬಿಡುತ್ತಾರೆ. ಮಾಲು ಹೆಚ್ಚು ಹೋದರೂ ಬಾಡಿಗೆ ಹೆಚ್ಚುವುದಿಲ್ಲ, ಆದ್ದರಿಂದ ಅದು ಇಲ್ಲಿ ಬರಕೂಡದು. ಪಠ್ಯಪುಸ್ತಕದ ‘ಚರ ವೆಚ್ಚ’ ಹಾಕಿ, ಇಲ್ಲವೇ ‘ಇನ್ನೊಂದು ಮಾಡಲು ತಗಲುವ ವೆಚ್ಚ’ ಎಂದು ಬಿಡಿಸಿ ಬರೆಯಿರಿ. ನನಗೆ ಎರಡನೆಯದೇ ಇಷ್ಟ.

ವಸುಧಾ:

ಎರಡನೇ ಸಾಲು ತಿದ್ದಿದೆ, ತುಂಬಾ ಉಪಕಾರವಾಯಿತು. ಕೋಷ್ಟಕದ ಜೊತೆ ಕಂಪ್ಯೂಟರಿನಲ್ಲಿ ತುಂಬುವ ಹಾಳೆಯೂ ಇದೆ. B1 ಈಗಿನ ಬೆಲೆ, B2 ಇನ್ನೊಂದು ಮಾಡಲು ತಗಲುವ ವೆಚ್ಚ, B3 ಈಗಿನ ಮಾರಾಟ, B4 ಹೊಸ ಬೆಲೆ. ಇನ್ನೆಷ್ಟು ಮಾರಬೇಕು ಎಂಬ ಕೋಣೆಯಲ್ಲಿ ಹೀಗಿದೆ:

```
=B3*(B1-B4)/(B4-B2)
```

ಮಂಜುಳಾ:

ಸೂತ್ರ ಸರಿಯಿದೆ, 200 ಕೊಡುತ್ತದೆ. ಆದರೆ B4ರಲ್ಲಿ 60 ತುಂಬಿದರೆ `#DIV/0!` ಬರುತ್ತದೆ, 55 ತುಂಬಿದರೆ -5400 ಬರುತ್ತದೆ. ಋಣಚಿಹ್ನೆ ಕಣ್ತಪ್ಪಿದರೆ ‘5400 ಮಾರಿದರೆ ಆಯಿತು’ ಎಂದು ಯಾರಾದರೂ ಓದಿಯಾರು. ಹೊಸ ಬೆಲೆ ವೆಚ್ಚಕ್ಕೆ ಸಮವಾದರೆ ಅಥವಾ ಅದಕ್ಕಿಂತ ಇಳಿದರೆ ಎಷ್ಟು ಮಾರಿದರೂ ಸರಿದೂಗುವುದಿಲ್ಲ ಎಂಬ ಒಂದು ವಾಕ್ಯ ಕೆಳಗೆ ಇರಲಿ.

ಹರೀಶ:

ವಹಿವಾಟಿನ ವಿಷಯ ಈಗ ಅರ್ಥವಾಯಿತು. ನನ್ನದೊಂದು ಅಡ್ಡಿ ಇದೆ, ಇದು ಸ್ವಂತ ಕೆಲಸದ್ದು. ನಮ್ಮ ಯಂತ್ರದಿಂದ ತಿಂಗಳಿಗೆ 700ರ ಮೇಲೆ ಒಂದೂ ಬರುವುದಿಲ್ಲ. ನಮ್ಮಂಥವರಿಗೆ 800 ಎಂದು ತೋರಿಸಿದರೆ ಏನು ಪ್ರಯೋಜನ?

ಮಂಜುಳಾ:

‘ಇಳಿಸಬೇಡಿ’ ಎಂದು ಅದು ಹೇಳಿದ ಹಾಗಾಯಿತು, ಅದೇ ಪ್ರಯೋಜನ. 700ನ್ನೂ ಮಾರಿದರೆ ಉಳಿಯುವುದು 21000, ಈಗಿನದಕ್ಕಿಂತ 3000 ಕಡಿಮೆ. ಹಗಲಿಡೀ ಯಂತ್ರ ಓಡಿಸಿ ಕಡಿಮೆ ಗಳಿಸಿದ ಹಾಗೆ. ಇನ್ನೊಂದು ಯಂತ್ರವನ್ನು ತಿಂಗಳಿಗೆ 3000 ಬಾಡಿಗೆಗೆ ತರುತ್ತೀರಿ ಎನ್ನಿ. ಆ 3000 ಈ ಕಡಿತಕ್ಕಾಗಿಯೇ ಹೊಸದಾಗಿ ಬಂದ ವೆಚ್ಚ, ಹಾಗಾಗಿ ಅದನ್ನು ಸೇರಿಸಲೇಬೇಕು. 30ರಂತೆ ಅದಕ್ಕೆ ಇನ್ನೂ 100 ಮಾರಬೇಕು, ಒಟ್ಟು 900. ಇಳಿಕೆಯನ್ನು ಸಾರಲು ಜಾಹೀರಾತು ಕೊಟ್ಟರೂ ಇದೇ ಲೆಕ್ಕ.

ಪದ್ಮನಾಭ:

ತಡವಾಗಿ ಸೇರಿದ್ದಕ್ಕೆ ಕ್ಷಮಿಸಿ. ‘ಈಗಿನ ಮಾರಾಟ’ ಎಂಬ ಮೂರನೇ ಸಾಲಿಗೆ ನನ್ನ ತಕರಾರಿದೆ. ಪಕ್ಕದ ಮಾರಾಟಗಾರ ಆಗಲೇ ಬೆಲೆ ಇಳಿಸಿದ್ದಾನೆ, ನಾವು 100ಕ್ಕೇ ಕೂತರೆ ಮುಂದಿನ ತಿಂಗಳು 600 ಹೋಗದೆ 480 ಹೋಗುತ್ತದೆ ಎನ್ನಿ. ಆಗ ಹೋಲಿಸಬೇಕಾದದ್ದು 480ನ್ನು 40ರಂತೆ, ಅಂದರೆ 19200. ಅದನ್ನು 30ರಿಂದ ಭಾಗಿಸಿದರೆ 640. 800 ಅಸಾಧ್ಯ ಎಂದು ಕೈಚೆಲ್ಲಿದವರಿಗೆ 640 ಸಾಧ್ಯವಾಗಬಹುದು. ‘ಇಳಿಸದಿದ್ದರೆ ಆಗುವ ಮಾರಾಟ’ ಎಂದು ಬರೆಯಬೇಕು.

ಮಂಜುಳಾ:

ಒಪ್ಪಿದೆ, ನಾನು ಗಮನಿಸಿರಲಿಲ್ಲ. ಆದರೆ ಅಪಾಯವೂ ಇದೆ. 600 ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆ, 480 ಊಹೆ. ಬೆಲೆ ಇಳಿಸಲೇಬೇಕೆಂದು ಮನಸ್ಸು ಮಾಡಿದವರು ಆ ಊಹೆಯನ್ನು 400ಕ್ಕೂ ಎಳೆದಾರು. ನಾವು ಇಳಿಸಿದ ಮೇಲೆ ಆ ಪಕ್ಕದವನು ಮತ್ತೆ ಇಳಿಸಿದರೆ 640 ಕೂಡ ಬರಲಿಕ್ಕಿಲ್ಲ. ಎರಡು ಕೋಣೆ ಕೊಟ್ಟು, ಎರಡೂ ಉತ್ತರ ಪಕ್ಕಪಕ್ಕದಲ್ಲಿ ಕಾಣುವಂತೆ ಮಾಡುವುದು ವಾಸಿ.

ಪದ್ಮನಾಭ:

ಎರಡು ಕೋಣೆ ಕೊಟ್ಟರೆ ತಮಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತಾರೆ. ಒಂದೇ ಇರಲಿ, ಅದು ‘ಇಳಿಸದಿದ್ದರೆ’ಯೇ ಆಗಿರಲಿ.

ಶ್ರೀನಿವಾಸ:

ಎಲ್ಲರೂ ಲೆಕ್ಕಕ್ಕೆ ಬಿದ್ದು ಪದ ಮರೆತಿರಿ. ‘ಲಾಭ’ ಸಂಸ್ಕೃತ. ‘ಗಳಿಕೆ ಸರಿದೂಗುವ ಮಾರಾಟ’ ಎನ್ನಿ.

ರಘು:

ಗಳಿಕೆ ಎಂದರೆ ಅರ್ಧ ಜನ ಒಟ್ಟು ವಸೂಲಿಯನ್ನೇ ತಿಳಿಯುತ್ತಾರೆ, ಹರೀಶರ 667ಕ್ಕೆ ವಾಪಸು ಬಂದ ಹಾಗೆ. ಲಾಭ ಯಾರಿಗೆ ಗೊತ್ತಿಲ್ಲ? ಪದದ ಮೂಲ ಹಿಡಿದುಕೊಂಡು ಅರ್ಥ ಕೆಡಿಸಬೇಡಿ.

ಶ್ರೀನಿವಾಸ:

ಹಾಗಿದ್ದರೆ ‘ಉಳಿಕೆ’ ಎನ್ನಿ, ಮಂಜುಳಾ ಅವರೇ ಮೇಲೆ ಬಳಸಿದ್ದಾರೆ. ಲಾಭಕ್ಕೆ ಬೇರೆ ಪದವೇ ಇಲ್ಲ ಎನ್ನುವುದು ಸೋಮಾರಿತನ.

ಮಂಜುಳಾ:

‘ಉಳಿಕೆ’ಯನ್ನು ನಾನು ಬಳಸಿದ್ದು ಬೆಲೆಯಲ್ಲಿ ವೆಚ್ಚ ಕಳೆದು ಒಂದರ ಮೇಲೆ ನಿಲ್ಲುವುದಕ್ಕೆ. ಅದು 40ರಿಂದ 30ಕ್ಕೆ ಇಳಿದಾಗಿದೆ, ಮತ್ತೆ ಸರಿದೂಗುವುದಿಲ್ಲ. ‘ಒಟ್ಟು ಉಳಿಕೆ’ ಎಂದರೆ ನಡೆದೀತು, ಆದರೆ ಹರೀಶರ ಹಾಗೆ ಯಂತ್ರದ ಬಾಡಿಗೆ ಸೇರಿದಾಗ ಅದೂ ಸಾಲದು. ಆಗ ಒಟ್ಟು ಉಳಿಕೆ 24000 ಅಲ್ಲ, 27000 ಆಗಬೇಕು. ಸಮವಾಗಿ ನಿಲ್ಲುವುದು ಲಾಭ ಮಾತ್ರ.

ವಸುಧಾ:

ತಲೆಬರಹ ‘ಲಾಭ ಸರಿದೂಗುವ ಮಾರಾಟ’ ಎಂದು ಕಳುಹಿಸುತ್ತಿದ್ದೇನೆ. ಶ್ರೀನಿವಾಸ ಸರ್, ‘ಗಿಟ್ಟು’ ಕೆಳಗಿನ ವಿವರಣೆಯಲ್ಲಿ ಬಂದಿದೆ: ‘ತಿಂಗಳಿಗೆ 800ಕ್ಕಿಂತ ಕಡಿಮೆ ಹೋದರೆ ಈ ಇಳಿಕೆ ಗಿಟ್ಟುವುದಿಲ್ಲ.’ ಮೂರನೇ ಸಾಲನ್ನು ಸದ್ಯಕ್ಕೆ ‘ಇಳಿಸದಿದ್ದರೆ ಆಗುವ ಮಾರಾಟ’ ಎಂದು ಮಾಡಿದ್ದೇನೆ. ಎರಡು ಕೋಣೆಯೋ ಒಂದೋ ಎಂಬುದನ್ನು ಮೂಲ ಲೇಖಕರನ್ನೇ ಕೇಳಬೇಕು, ನಾನಾಗಿಯೇ ಸೇರಿಸುವಂತಿಲ್ಲ.

ಶ್ರೀನಿವಾಸ:

ವಿವರಣೆಯ ವಾಕ್ಯ ಚೆನ್ನಾಗಿದೆ. ತಲೆಬರಹಕ್ಕೆ ನನ್ನ ಒಪ್ಪಿಗೆ ಇಲ್ಲ.